ಅಮ್ಮನ ಕಣ್ಣಿನ ಪೊರೆ ಆಪರೇಷನ್ ಇಲ್ಲೇ ಮಾಡಿಸಿದ್ದು, ತುಂಬಾ ಚೆನ್ನಾಗಿ ನೋಡಿಕೊಂಡರು

ನಮ್ಮದು ತೀರ್ಥಹಳ್ಳಿ ಕಡೆ. ಅಮ್ಮನಿಗೆ ಎಪ್ಪತ್ತು ದಾಟಿದೆ, ಶುಗರ್ ಇದೆ, ಆಪರೇಷನ್ ಅಂದರೇ ಕೈಕಾಲು ನಡುಗುತ್ತೆ. ಶಿವಮೊಗ್ಗದ ಈ ಕಣ್ಣಿನ ಕ್ಲಿನಿಕ್‌ನಲ್ಲಿ ಎರಡೂ ಕಣ್ಣಿನ ಪೊರೆ ತೆಗೆಸಿದೆವು, ಒಂದು ಕಣ್ಣು ಪೂರ್ತಿ ವಾಸಿಯಾದ ಮೇಲೇ ಇನ್ನೊಂದು.

ಡಾಕ್ಟರ್ ಸ್ವಲ್ಪವೂ ಅವಸರ ಮಾಡಲ್ಲ. ಮೊದಲ ಸಲ ಹೋದಾಗ ಅಮ್ಮನ ಶುಗರ್ ಜಾಸ್ತಿ ಇತ್ತು. "ಪೊರೆಗೆ ಅರ್ಜೆಂಟ್ ಏನಿಲ್ಲ ಅಮ್ಮ, ಮೊದಲು ಶುಗರ್ ಹತೋಟಿಗೆ ಬರಲಿ" ಅಂತ ಹೇಳಿ ವಾಪಸ್ ಕಳಿಸಿದರು. ನನಗೆ ಅಲ್ಲೇ ನಂಬಿಕೆ ಬಂತು. ಲೆನ್ಸ್ ವಿಷಯದಲ್ಲೂ ಹಾಗೇ. ದೂರ, ಹತ್ತಿರ ಎರಡಕ್ಕೂ ಆಗುವ ಮಲ್ಟಿಫೋಕಲ್ ಹಾಕಿಸೋಣ, ದುಡ್ಡು ಹೆಚ್ಚಾದರೂ ಪರವಾಗಿಲ್ಲ ಅಂತ ನಾನೇ ಕೇಳಿದ್ದೆ. ಅವರು ಅಮ್ಮನ ಹತ್ತಿರ ದಿನವಿಡೀ ಏನೇನು ಮಾಡ್ತೀರಿ, ಎಷ್ಟು ಓದ್ತೀರಿ ಅಂತೆಲ್ಲ ವಿಚಾರಿಸಿ, ಶುಗರ್‌ನಿಂದ ರೆಟಿನಾದಲ್ಲಿ ಸ್ವಲ್ಪ ತೊಂದರೆ ಶುರುವಾಗಿರುವುದನ್ನು ಪರದೆ ಮೇಲೆ ತೋರಿಸಿ, ಇವರಿಗೆ ಮೊನೊಫೋಕಲ್ಲೇ ಒಳ್ಳೆಯದು, ಓದುವಾಗ ಮಾತ್ರ ಕನ್ನಡಕ ಹಾಕ್ಕೊಳ್ಳಲಿ ಅಂದರು. ಕಡಿಮೆ ರೇಟಿನ ಲೆನ್ಸ್ ಸಾಕು ಅಂತ ಅವರೇ ಹೇಳಿದ್ದು!

ಅಲ್ಲಿನ ಸಿಸ್ಟರ್‌ಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ. ಆಪರೇಷನ್ ಆದ ಮೇಲೆ ವಾರಗಟ್ಟಲೆ ಡ್ರಾಪ್ಸ್ ಹಾಕಬೇಕು, ಅಮ್ಮನಿಗೆ ಇಂಗ್ಲಿಷ್ ಓದೋಕೆ ಬರಲ್ಲ. ಸಿಸ್ಟರ್ ಒಂದು ಹಾಳೆಯಲ್ಲಿ ಕನ್ನಡದಲ್ಲೇ ದಪ್ಪಕ್ಷರದಲ್ಲಿ ಬರೆದುಕೊಟ್ಟರು: ಬಿಳಿ ಮುಚ್ಚಳದ್ದು ಯಾವಾಗ, ಕಂದು ಮುಚ್ಚಳದ್ದು ಯಾವಾಗ, ಎರಡರ ನಡುವೆ ಐದು ನಿಮಿಷ ಬಿಡಬೇಕು ಅಂತ. ಆಮೇಲೆ ಕೆಳಗಿನ ರೆಪ್ಪೆ ಮೆಲ್ಲಗೆ ಎಳೆದು, ಬಾಟಲಿ ತುದಿ ಕಣ್ಣಿಗೆ ತಾಗದ ಹಾಗೆ ಒಂದು ಹನಿ ಬಿಡೋದು ಹೇಗೆ ಅಂತ ಅಮ್ಮನ ಕೈಯಲ್ಲೇ ಮಾಡಿಸಿ ನೋಡಿದರು. ಆ ಹಾಳೆ ಇನ್ನೂ ನಮ್ಮ ಫ್ರಿಜ್ ಮೇಲಿದೆ. ಅಮ್ಮ ಈಗ ಸಂಜೆ ಹೊತ್ತಲ್ಲೂ ಮಲ್ಲಿಗೆ ದಂಡೆ ಕಟ್ಟುತ್ತಾರೆ, ಯಾರೂ ದಾರ ಹುಡುಕಿ ಕೊಡಬೇಕಾಗಿಲ್ಲ.

ಹೊಸದಾಗಿ ಹೋಗುವವರಿಗೆ: ಕಾಯೋದು ಇದ್ದೇ ಇರುತ್ತೆ, ಅದರಲ್ಲೂ ಸೋಮವಾರ ತುಂಬಾ ರಶ್. ಡಾಕ್ಟರ್ ಒಬ್ಬೊಬ್ಬರಿಗೂ ಸಮಯ ಕೊಡ್ತಾರಲ್ವಾ, ಅದಕ್ಕೇ. ತಪಾಸಣೆಗೆ ಮುಂಚೆ ಕಣ್ಣಿನ ಪಾಪೆ ಹಿಗ್ಗಿಸೋ ಡ್ರಾಪ್ಸ್ ಹಾಕ್ತಾರೆ, ಕೆಲವು ಗಂಟೆ ಮಂಜು ಮಂಜಾಗಿ ಕಾಣುತ್ತೆ, ಬಿಸಿಲು ಚುಚ್ಚುತ್ತೆ. ಹಾಗಾಗಿ ಸ್ಕೂಟರ್ ಓಡಿಸಿಕೊಂಡು ಒಬ್ಬರೇ ಹೋಗಬೇಡಿ, ಜೊತೆಗೆ ಯಾರಾದರೂ ಇರಲಿ. ಕ್ಲಿನಿಕ್ ಮೊದಲ ಮಹಡಿಯಲ್ಲಿದೆ, ಲಿಫ್ಟ್ ಹಿಂಬಾಗಿಲ ಪಕ್ಕ ಇದೆ, ಮುಂದಿನಿಂದ ಕಾಣಲ್ಲ. ಇನ್ಶೂರೆನ್ಸ್ ಇದ್ದರೆ ಆಪರೇಷನ್ ದಿನ ಗೊತ್ತು ಮಾಡುವ ಮೊದಲೇ ಕೌಂಟರ್‌ನಲ್ಲಿ ಮಾತಾಡಿ, ಅಪ್ರೂವಲ್ ಬರೋಕೆ ಸಮಯ ಬೇಕು. ಹಳೇ ಕನ್ನಡಕ, ಶುಗರ್ ರಿಪೋರ್ಟ್, ದಿನಾ ತಗೊಳ್ಳೋ ಮಾತ್ರೆಗಳ ಚೀಟಿ ಎಲ್ಲ ಒಯ್ಯಿರಿ. ಎಲ್ಲವನ್ನೂ ಕೂತು ನೋಡ್ತಾರೆ.