ಅಪ್‌ಲೋಡ್ ಮಾಡುವ ಮುಂಚೆ ನೋಡುವ ಕಾರ್ಡ್

ಈ ವಾರದ ವಿಡಿಯೊ: ಹಿತಕಿದಬೇಳೆ ಸಾರು. ಶನಿವಾರ ಬೆಳಗ್ಗೆ 7ಕ್ಕೆ ಬರಬೇಕು. ಶುಕ್ರವಾರ ಸಂಜೆಯೊಳಗೆ ಕಾರ್ಡಿನ ಎಲ್ಲ ಚೌಕಕ್ಕೂ ಪೆನ್ಸಿಲಿನಲ್ಲಿ ಟಿಕ್ ಹಾಕು. ಮುಂದಿನ ವಾರ ಅಳಿಸಿ ಇದೇ ಕಾರ್ಡ್ ಬಳಸೋಣ, ಉದಾಹರಣೆ ಮಾತ್ರ ಬದಲಾಗುತ್ತದೆ.

ನೋಡಮ್ಮಾ, ನಮ್ಮ ವಿಡಿಯೊ ನೋಡುವವರು ಅರ್ಧಕ್ಕರ್ಧ ಜನ ಒಲೆ ಮುಂದೆ ನಿಂತಿರುತ್ತಾರೆ. ಕೈಗೆ ಹಿಟ್ಟು ಮೆತ್ತಿರುತ್ತದೆ. ಅವರಿಗೆ ಹುಡುಕಿದ್ದು ಬೇಗ ಸಿಗಬೇಕು, ತೆರೆದ ಮೇಲೆ ಹೇಳಿದ್ದೇ ಇರಬೇಕು. ವಿಡಿಯೊದಲ್ಲಿ ಇಲ್ಲದ್ದು ಟೈಟಲ್‌ನಲ್ಲಿ, ಡಿಸ್ಕ್ರಿಪ್ಶನ್‌ನಲ್ಲಿ, ಥಂಬ್‌ನೇಲ್‌ನಲ್ಲಿ ಎಲ್ಲೂ ಬೇಡ. ಕೆಳಗಿರುವುದೆಲ್ಲ ಇದಕ್ಕಾಗಿಯೇ.

ಮೊದಲು

☐ ಎಡಿಟ್ ಆದ ವಿಡಿಯೊವನ್ನು ಒಂದು ಸಲ ಪೂರ್ತಿ ನೋಡು, ಓಡಿಸಬೇಡ. ನಾನು ಬಾಯಲ್ಲಿ ಹೇಳುವ ಅಳತೆಗಳನ್ನು ಕಾಗದದ ಮೇಲೆ ಬರೆದುಕೊ. ಡಿಸ್ಕ್ರಿಪ್ಶನ್‌ಗೆ ಬೇಕಾಗುವುದು ಆ ಕಾಗದವೇ. ನನ್ನ ಹಳೆ ನೋಟ್‌ಬುಕ್ಕಿನಿಂದ ಅಳತೆ ತೆಗೆಯಬೇಡ, ಅಡುಗೆ ಮಾಡುವಾಗ ಅದು ಬದಲಾಗಿರುತ್ತದೆ.

☐ ಅಪ್‌ಲೋಡ್ ಮಾಡುವಾಗ `Private` ಇರಲಿ. ಎಲ್ಲ ನೋಡಿ ಆದ ಮೇಲೆಯೇ `Schedule`.

ಟೈಟಲ್

☐ ಅಡುಗೆಯ ಹೆಸರು ಮೊದಲ ಪದದಲ್ಲೇ ಬರಬೇಕು. ಫೋನಿನಲ್ಲಿ ಉದ್ದದ ಟೈಟಲ್ ಅರ್ಧಕ್ಕೇ ನಿಂತುಬಿಡುತ್ತದೆ. ಕೊನೆಯಲ್ಲಿಟ್ಟ ಹೆಸರು ಯಾರಿಗೂ ಕಾಣುವುದಿಲ್ಲ.

☐ ಮೊದಲು ಕನ್ನಡ ಅಕ್ಷರ, ಆಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಅದೇ ಹೆಸರು. ಕನ್ನಡ ಮಾತಾಡುವವರಲ್ಲೂ ಬಹಳ ಜನ ಫೋನಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ ಹುಡುಕುತ್ತಾರೆ. ಎರಡೂ ಇದ್ದರೆ ಇಬ್ಬರಿಗೂ ಸಿಗುತ್ತದೆ.

☐ 100 ಅಕ್ಷರದ ಮೇಲೆ ಯೂಟ್ಯೂಬ್ ಬಿಡುವುದಿಲ್ಲ. ಕನ್ನಡದಲ್ಲಿ ಒತ್ತಕ್ಷರ, ಕೊಂಬು, ದೀರ್ಘ ಎಲ್ಲ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ಕಣ್ಣಿಗೆ ಚಿಕ್ಕದಾಗಿ ಕಂಡರೂ ಲೆಕ್ಕ ಬೇಗ ತುಂಬುತ್ತದೆ. ಬಾಕ್ಸಿನ ಮೂಲೆಯಲ್ಲಿರುವ ಸಂಖ್ಯೆ ನೋಡುತ್ತಾ ಬರೆ. `<` ಮತ್ತು `>` ಗುರುತು ಹಾಕಬೇಡ, ಅದನ್ನು ಯೂಟ್ಯೂಬ್ ತೆಗೆದುಕೊಳ್ಳುವುದಿಲ್ಲ.

ಈ ವಾರದ್ದು ಹೀಗಿರಲಿ:

```
ಹಿತಕಿದಬೇಳೆ ಸಾರು | ಮುದ್ದೆಗೆ ಸರಿಯಾದ ಜೋಡಿ | Hitikida Bele Saru
```

"ಒಮ್ಮೆ ತಿಂದರೆ ಬಿಡಲ್ಲ", "ಯಾರೂ ಹೇಳದ ಗುಟ್ಟು" ಅಂತೆಲ್ಲ ಬರೆಯಬೇಡ. ಗುಟ್ಟು ಏನೂ ಇಲ್ಲ. ಸೊಗಡಿನ ಅವರೆಕಾಯಿ ಸಿಕ್ಕರೆ ಸಾರು ತಾನಾಗೇ ಚೆನ್ನಾಗಿ ಬರುತ್ತದೆ. "10 ನಿಮಿಷದಲ್ಲಿ" ಅಂತಲೂ ಬೇಡ. ಕಾಳು ರಾತ್ರಿಯೆಲ್ಲ ನೆನೆಯಬೇಕು, ಬೆಳಗ್ಗೆ ಕೂತು ಹಿತಕಬೇಕು. ಅದನ್ನು ನಂಬಿ ಬೆಳಗ್ಗೆ ಕಾಳು ಬಿಡಿಸಲು ಕೂತವರಿಗೆ ಎಷ್ಟು ಬೇಜಾರಾಗುತ್ತದೆ ಅಲ್ವಾ?

ಡಿಸ್ಕ್ರಿಪ್ಶನ್

ಕಾರ್ಡಿನಲ್ಲಿ ಇದಕ್ಕೇ ಜಾಸ್ತಿ ಹೊತ್ತು ಕೊಡು. ಅಡುಗೆ ಮಾಡುವವರು ವಿಡಿಯೊ ನಿಲ್ಲಿಸಿ, ಅಳತೆ ನೋಡಲು ಇಲ್ಲಿಗೇ ಬರುತ್ತಾರೆ.

☐ ಮೊದಲ ಎರಡು ಸಾಲು ಬಿಟ್ಟರೆ ಉಳಿದದ್ದು ಒತ್ತಿದ ಮೇಲೆಯೇ ತೆರೆಯುವುದು. ಹಾಗಾಗಿ "ನಮಸ್ಕಾರ, ನಮ್ಮ ಚಾನೆಲ್‌ಗೆ ಸ್ವಾಗತ" ಅಂತ ಶುರು ಮಾಡಬೇಡ. ಏನು ಅಡುಗೆ, ಎಷ್ಟು ಜನಕ್ಕೆ, ಮುಂಚೆ ಏನು ಮಾಡಿಕೊಂಡಿರಬೇಕು: ಈ ಮೂರೂ ಆ ಎರಡು ಸಾಲಿನಲ್ಲಿ ಬಂದುಬಿಡಲಿ.

☐ ಸಾಮಾನಿನ ಪಟ್ಟಿ ಅಡುಗೆಗೆ ಬೀಳುವ ಕ್ರಮದಲ್ಲೇ ಇರಲಿ. "ಸ್ವಲ್ಪ", "ಬೇಕಾದಷ್ಟು" ಅನ್ನುವುದು ಉಪ್ಪಿಗೆ ಮಾತ್ರ. ಚಮಚ ಅಂದರೆ ಟೀ ಚಮಚವೋ ಊಟದ ಚಮಚವೋ ಬರೆ. ಗಸಗಸೆ, ಲವಂಗದಂಥದ್ದರಲ್ಲಿ ಇದು ಹೆಚ್ಚುಕಡಿಮೆ ಆದರೆ ಸಾರೇ ಕೆಡುತ್ತದೆ.

☐ ಪಟ್ಟಿಯಲ್ಲಿರುವುದು ವಿಡಿಯೊದಲ್ಲಿ ಇದೆಯಾ, ವಿಡಿಯೊದಲ್ಲಿ ಹಾಕಿದ್ದು ಪಟ್ಟಿಯಲ್ಲಿ ಇದೆಯಾ, ಎರಡೂ ಕಡೆಯಿಂದ ನೋಡು. ಒಗ್ಗರಣೆಗೆ ಹಾಕುವ ಕರಿಬೇವು, ಇಂಗು ಬಿಟ್ಟುಹೋಗುವುದು ಜಾಸ್ತಿ. ಅವು ಮಾತಿನ ಮಧ್ಯೆ ಬಿದ್ದಿರುತ್ತವೆ.

☐ ದೂರದಲ್ಲಿರುವವರನ್ನು ಮರೆಯಬೇಡ. ಅಮೆರಿಕದಲ್ಲಿರುವ ನಮ್ಮವರಿಗೆ ಹಸಿ ಅವರೆಕಾಯಿ ಸಿಗುವುದು ಕಷ್ಟ. ಇಂಡಿಯನ್ ಅಂಗಡಿಗಳ ಫ್ರೀಜರಿನಲ್ಲಿ `Surti Papdi Lilva` ಅಂತ ಪ್ಯಾಕೆಟ್ ಇರುತ್ತದೆ, ಅದೂ ಅವರೆಕಾಳೇ. ದುಬೈ ಕಡೆಯವರಿಗೆ ಗಸಗಸೆಯ ತೊಂದರೆ. ಅಲ್ಲಿ ಅದು ನಿಷೇಧ, ಊರಿನಿಂದ ಒಯ್ಯುವಂತೆಯೂ ಇಲ್ಲ. ಗಸಗಸೆ ಇರುವ ಯಾವ ಅಡುಗೆಗೂ ಬದಲಿ ಏನು ಅಂತ ಒಂದು ಸಾಲು ಬರೆಯಲೇಬೇಕು.

☐ ಸಮಯದ ಸಾಲುಗಳು. ಮೊದಲನೆಯದು `00:00` ಇರಲೇಬೇಕು. ಕಡೇಪಕ್ಷ ಮೂರು ಸಾಲು ಬೇಕು, ಪ್ರತಿ ಭಾಗ 10 ಸೆಕೆಂಡಾದರೂ ಇರಬೇಕು. ಇಲ್ಲದಿದ್ದರೆ ವಿಡಿಯೊದ ಕೆಳಗೆ ಓಡುವ ಗೆರೆಯಲ್ಲಿ ಭಾಗಗಳು ಬೀಳುವುದಿಲ್ಲ. "ಭಾಗ 1, ಭಾಗ 2" ಬೇಡ. ಅಲ್ಲಿ ಏನು ನಡೆಯುತ್ತದೋ ಅದನ್ನೇ ಬರೆ.

☐ ಹ್ಯಾಶ್‌ಟ್ಯಾಗ್ ಕೊನೆಯಲ್ಲಿ, ಮೂರು ಸಾಕು. 60 ದಾಟಿದರೆ ಯೂಟ್ಯೂಬ್ ಒಂದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಟ್ಯಾಗ್‌ಗಳನ್ನು ತಂದು ಡಿಸ್ಕ್ರಿಪ್ಶನ್‌ನಲ್ಲಿ ಸುರಿಯುವುದು ಅವರ ನಿಯಮಕ್ಕೆ ವಿರುದ್ಧ. ಯಾರು ಏನೇ ಹೇಳಲಿ, ನಾವು ಹಾಗೆ ಮಾಡುವುದಿಲ್ಲ.

ಈ ವಾರ ಹಾಕಬೇಕಾದ್ದು ಪೂರ್ತಿಯಾಗಿ:

```
ಹಿತಕಿದಬೇಳೆ ಸಾರು, 4 ಜನಕ್ಕೆ. ಅವರೆಕಾಳನ್ನು ಹಿಂದಿನ ರಾತ್ರಿಯೇ ನೆನೆಸಿಡಿ.
ಮುದ್ದೆಗೂ ಅನ್ನಕ್ಕೂ ಹೊಂದುತ್ತದೆ.

ರುಬ್ಬಲು:
ಎಣ್ಣೆ - 1 ಟೀ ಚಮಚ
ಚಕ್ಕೆ - 1 ಇಂಚು, ಲವಂಗ - 3
ಶುಂಠಿ - 1 ಇಂಚು, ಬೆಳ್ಳುಳ್ಳಿ - 6 ಎಸಳು
ಈರುಳ್ಳಿ - ಅರ್ಧ
ಗಸಗಸೆ - 1 ಟೀ ಚಮಚ (ಸಿಗದಿದ್ದರೆ 4 ಗೋಡಂಬಿ)
ಹುರಿಗಡಲೆ - 1 ಊಟದ ಚಮಚ
ತೆಂಗಿನ ತುರಿ - ಅರ್ಧ ಕಪ್
ಸಾರಿನ ಪುಡಿ - 2 ಊಟದ ಚಮಚ
ಕೊತ್ತಂಬರಿ ಸೊಪ್ಪು - 1 ಹಿಡಿ

ಸಾರಿಗೆ:
ಎಣ್ಣೆ - 2 ಊಟದ ಚಮಚ
ಸಾಸಿವೆ - ಅರ್ಧ ಟೀ ಚಮಚ
ಇಂಗು - 1 ಚಿಟಿಕೆ, ಕರಿಬೇವು - 1 ಕಡ್ಡಿ
ಈರುಳ್ಳಿ - 1, ಟೊಮೇಟೊ - 1
ಹಿತಕಿದ ಅವರೆಬೇಳೆ - 2 ಕಪ್
ಉಪ್ಪು - ರುಚಿಗೆ

ಹಸಿ ಅವರೆಕಾಯಿ ಸಿಗದ ಊರಿನಲ್ಲಿ ಫ್ರೀಜರಿನ Surti Papdi Lilva
ಬಳಸಬಹುದು. ಕರಗಿದ ಮೇಲೆ ಹಿತಕಿ.

00:00 ಇವತ್ತಿನ ಅಡುಗೆ
00:40 ಅವರೆಕಾಳು ಹಿತಕುವುದು
02:55 ಮಸಾಲೆ ಹುರಿದು ರುಬ್ಬುವುದು
05:20 ಒಗ್ಗರಣೆ, ಬೇಳೆ ಬೇಯಿಸುವುದು
08:10 ಮಸಾಲೆ ಹಾಕಿ ಕುದಿಸುವುದು

#ಹಿತಕಿದಬೇಳೆ #ಅವರೆಕಾಳು #KannadaRecipes
```

ಎಡಿಟಿಂಗ್‌ನಲ್ಲಿ ಏನಾದರೂ ಕತ್ತರಿಸಿದರೆ ಸಮಯದ ಸಾಲುಗಳನ್ನು ಮತ್ತೆ ನೋಡಬೇಕು. ಒಂದೊಂದನ್ನೂ ಒತ್ತಿ ನೋಡು. "ರುಬ್ಬುವುದು" ಅಂತ ಒತ್ತಿದರೆ ಮಿಕ್ಸಿ ಜಾರು ಕಾಣಬೇಕು.

☐ ಯಾರಾದರೂ ಮಸಾಲೆಯನ್ನೋ ಪಾತ್ರೆಯನ್ನೋ ದುಡ್ಡು ತೆಗೆದುಕೊಳ್ಳದೆ ಕೊಟ್ಟು, ಅದನ್ನು ತೋರಿಸಿದ್ದರೆ ಮೊದಲು ನನ್ನನ್ನು ಕೇಳು. ಪ್ರಚಾರ ಇದೆ ಅಂತ ಟಿಕ್ ಹಾಕುವ ಜಾಗ `Show more` ಒತ್ತಿದರೆ ಸಿಗುತ್ತದೆ. ಡಿಸ್ಕ್ರಿಪ್ಶನ್‌ನಲ್ಲೂ ಕನ್ನಡದಲ್ಲಿ ಹೇಳಬೇಕು. ಈ ವಾರ ಅಂಥದ್ದು ಯಾವುದೂ ಇಲ್ಲ.

ಟ್ಯಾಗ್

ಇದಕ್ಕೆ ಐದು ನಿಮಿಷ ಸಾಕು. ವಿಡಿಯೊ ಜನಕ್ಕೆ ಸಿಗುವುದರಲ್ಲಿ ಟ್ಯಾಗಿನ ಪಾತ್ರ ತೀರಾ ಕಡಿಮೆ ಅಂತ ಯೂಟ್ಯೂಬೇ ಹೇಳುತ್ತದೆ. ಹೆಸರನ್ನು ಜನ ಬೇರೆ ಬೇರೆ ಥರ ಬರೆಯುವಾಗ ಮಾತ್ರ ಉಪಯೋಗ. ನಮ್ಮ ಹಿತಕಿದಬೇಳೆಯದು ಅದೇ ಕಥೆ. ಒಬ್ಬೊಬ್ಬರು ಒಂದೊಂದು ಥರ ಟೈಪ್ ಮಾಡುತ್ತಾರೆ.

```
ಹಿತಕಿದಬೇಳೆ ಸಾರು, ಹಿತಕಿದ ಬೇಳೆ, ಹಿದುಕಿದ ಬೇಳೆ, hitikida bele,
hithakida bele saru, hidukida bele, avarekalu saru, avarekai
```

☐ ಒಟ್ಟು 500 ಅಕ್ಷರದೊಳಗೆ. ಇರುವ ಜಾಗ ತುಂಬಲೇಬೇಕು ಅಂತೇನಿಲ್ಲ.

☐ ಬೇರೆ ಚಾನೆಲ್ಲಿನ ಹೆಸರು, ಅಡುಗೆಯವರ ಹೆಸರು, ಸಿನಿಮಾ ಹೆಸರು ಹಾಕಬೇಡ. ವಿಡಿಯೊದಲ್ಲಿ ಬಿರಿಯಾನಿ ಇಲ್ಲ ಅಂದರೆ ಬಿರಿಯಾನಿ ಟ್ಯಾಗೂ ಇಲ್ಲ.

ಭಾಷೆ

ಇದು `Show more` ಒತ್ತಿದರೆ ಮಾತ್ರ ಕಾಣುತ್ತದೆ. ಅದಕ್ಕೇ ಮರೆತುಹೋಗುತ್ತದೆ.

☐ `Video language`: `Kannada`. ನಾನು ಮಧ್ಯೆ ಮಧ್ಯೆ ಕುಕ್ಕರ್, ಮಿಕ್ಸಿ ಅಂದರೂ ಮಾತು ಕನ್ನಡವೇ ತಾನೆ.

☐ `Title and description language`: ಇದೂ `Kannada`. ಟೈಟಲ್‌ನಲ್ಲಿ ಇಂಗ್ಲಿಷ್ ಅಕ್ಷರ ಇದೆ ಅಂತ `English` ಆರಿಸಬೇಡ.

☐ ಇಂಗ್ಲಿಷ್ ಸಬ್‌ಟೈಟಲ್ ಫೈಲ್ ಹಾಕಿದ್ದೀಯಾ? ನಮ್ಮ ಮಕ್ಕಳಲ್ಲಿ ಕನ್ನಡ ಕೇಳಿದರೆ ಅರ್ಧ ಅರ್ಥವಾಗುವವರು ಎಷ್ಟೋ ಜನ ಹೊರಗಿದ್ದಾರೆ. ಅಜ್ಜಿಯ ಸಾರು ಮಾಡಬೇಕು ಅಂತ ಆಸೆಯಿಂದ ಬರುತ್ತಾರೆ, ಅವರನ್ನು ಬಿಡಬಾರದು. ಅವರೆಕಾಳಿಗೆ `peas` ಅಂತ ಬರೆದರೆ ಅವರು ಬಟಾಣಿ ತಂದುಬಿಡುತ್ತಾರೆ. `avarekalu` ಅಂತಲೇ ಬರೆ, ಮೊದಲ ಸಲ ಬಂದಾಗ ಪಕ್ಕದಲ್ಲಿ `hyacinth beans` ಸೇರಿಸು.

☐ ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಇಲ್ಲಿಗೆ ಅಂಟಿಸಿದರೆ ಅಕ್ಷರವೆಲ್ಲ ಅರ್ಥವಿಲ್ಲದ ಗುರುತುಗಳಾಗುತ್ತವೆ. ಯೂನಿಕೋಡ್‌ನಲ್ಲೇ ಟೈಪ್ ಮಾಡು. ಫೋನಿನ ಕನ್ನಡ ಕೀಬೋರ್ಡ್ ಆದರೆ ಯೋಚನೆ ಇಲ್ಲ.

☐ ಮಕ್ಕಳಿಗಾಗಿ ಮಾಡಿದ್ದಾ ಅಂತ ಕೇಳುತ್ತದೆ, `No` ಒತ್ತು. ಮಕ್ಕಳು ತಿನ್ನುವ ಅಡುಗೆ ಆದರೂ ವಿಡಿಯೊ ದೊಡ್ಡವರಿಗೆ. `Yes` ಒತ್ತಿದರೆ ಕಾಮೆಂಟ್ ಮುಚ್ಚಿಹೋಗುತ್ತದೆ, ಆಮೇಲೆ ಜನ ಅನುಮಾನ ಎಲ್ಲಿ ಕೇಳಬೇಕು?

ಥಂಬ್‌ನೇಲ್

☐ ಅಳತೆ 1280 × 720. ಜೆಪಿಜಿ ಸಾಕು, 2 ಎಂಬಿ ಒಳಗಿರಲಿ.

☐ ಫೋಟೊ ನಮ್ಮದೇ, ಈ ವಿಡಿಯೊದ್ದೇ. ಇಂಟರ್‌ನೆಟ್‌ನಿಂದ ಇಳಿಸಿದ್ದು ಬೇಡವೇ ಬೇಡ. ಈ ವಾರ ಎರಡು ಫೋಟೊ ತೆಗೆದಿದ್ದೇನೆ. ಒಂದರಲ್ಲಿ ಸಾರು ಪಾತ್ರೆಯ ತುಂಬ ಇದೆ, ಮೇಲೆ ಎಣ್ಣೆ ಬಿಟ್ಟುಕೊಂಡಿದೆ, ಆದರೆ ಬೇಳೆ ಒಂದೂ ಕಾಣುವುದಿಲ್ಲ. ಇನ್ನೊಂದರಲ್ಲಿ ಸೌಟು ಎತ್ತಿ ಹಿಡಿದಿದ್ದೇನೆ, ಸಿಪ್ಪೆ ಬಿಟ್ಟ ಹಸಿರು ಬೇಳೆ ಎರಡು ಹೋಳಾಗಿ ಮೇಲೇ ಕೂತಿದೆ. ಎರಡನೆಯದು ತಗೊ. ಸಾರುಗಳೆಲ್ಲ ದೂರದಿಂದ ಒಂದೇ ಥರ ಕಾಣುತ್ತವೆ, ಬೇಳೆ ನೋಡಿದವರಿಗೆ ಮಾತ್ರ ಇದು ಯಾವ ಸಾರು ಅಂತ ಗೊತ್ತಾಗುವುದು.

☐ ಬಣ್ಣ ಎಳೆಯಬೇಡ. ಸ್ವಲ್ಪ ಬೆಳಕು ಏರಿಸು, ಅಷ್ಟೇ. ಈ ಸಾರು ಕೆಂಪಗೆ ಇರುವುದಿಲ್ಲ. ಥಂಬ್‌ನೇಲ್‌ನಲ್ಲಿ ಕೆಂಪು ಮಾಡಿದರೆ ಮನೆಯಲ್ಲಿ ಮಾಡಿದವರು ತಮ್ಮದೇ ತಪ್ಪು ಅಂದುಕೊಂಡು ಖಾರದಪುಡಿ ಸುರಿಯುತ್ತಾರೆ.

☐ ಬರಹ ಮೂರು ಪದ ಮೀರಬಾರದು. ಈ ವಾರ: "ಹಿತಕಿದಬೇಳೆ ಸಾರು, ಮುದ್ದೆ". ಫಾಂಟ್ `Baloo Tamma 2`, ದಪ್ಪದ್ದು.

☐ ಒತ್ತಕ್ಷರ ನೋಡು. ಕೆಲವು ಆ್ಯಪ್‌ಗಳಲ್ಲಿ "ಮುದ್ದೆ" ಒಡೆದು "ಮುದ್‌ದೆ" ಆಗುತ್ತದೆ. ಬೆಳ್ಳುಳ್ಳಿ, ಒಗ್ಗರಣೆ, ರೊಟ್ಟಿ ಎಲ್ಲದಕ್ಕೂ ಇದೇ ಗತಿ. ಒಡೆದರೆ ಬೇರೆ ಆ್ಯಪ್‌ನಲ್ಲಿ ಮಾಡು, ಹಾಗೇ ಬಿಡಬೇಡ. ತಪ್ಪು ಕನ್ನಡ ಇರುವ ಥಂಬ್‌ನೇಲ್ ನಮ್ಮ ಚಾನೆಲ್ಲಿನಿಂದ ಹೋಗುವುದಿಲ್ಲ.

☐ ಕೆಳಗಿನ ಬಲಮೂಲೆ ಖಾಲಿ ಇರಲಿ. ವಿಡಿಯೊ ಎಷ್ಟು ನಿಮಿಷ ಅನ್ನುವ ಕಪ್ಪು ಚೌಕ ಅಲ್ಲೇ ಕೂರುತ್ತದೆ.

☐ ಕೊನೆಗೆ ಗ್ಯಾಲರಿಯಲ್ಲಿ ಚಿಕ್ಕದಾಗಿ ಕಾಣುವಾಗ ಕೈ ಚಾಚಿ ಹಿಡಿದು ನೋಡು. ಅಮ್ಮನ ಕನ್ನಡಕ ತೆಗೆಸಿ ಅವರಿಗೂ ತೋರಿಸು. ಅವರಿಗೆ ಓದಲು ಆದರೆ ಸರಿ.

ಶೆಡ್ಯೂಲ್

☐ `Checks` ಜಾಗದಲ್ಲಿ ಕಾಪಿರೈಟ್ ತಕರಾರು ಇದೆಯಾ ನೋಡು. ಹಿನ್ನೆಲೆಯಲ್ಲಿ ಪಕ್ಕದ ಮನೆಯ ರೇಡಿಯೊ ಹಾಡು ಸೇರಿಕೊಂಡಿದ್ದರೂ ಅಲ್ಲಿ ಸಿಕ್ಕಿಬೀಳುತ್ತದೆ.

☐ ಶನಿವಾರ, ಬೆಳಗ್ಗೆ 7:00. `AM` ಇದೆಯಾ `PM` ಇದೆಯಾ ಎರಡು ಸಲ ನೋಡು.

☐ ಶನಿವಾರ 7 ಗಂಟೆ ದಾಟಿದ ಮೇಲೆ ನಿನ್ನ ಫೋನಿನಲ್ಲಿ, ಚಾನೆಲ್ಲಿನ ಖಾತೆ ಬಿಟ್ಟು, ನಿನ್ನ ಖಾತೆಯಿಂದ ತೆರೆದು ನೋಡು. ಟೈಟಲ್, ಥಂಬ್‌ನೇಲ್, ಅಳತೆ, ಸಬ್‌ಟೈಟಲ್ ಎಲ್ಲ ಬಂದಿದೆ ಅಂದರೆ ನನಗೆ ಒಂದು ಮೆಸೇಜ್ ಹಾಕು.

ಶುಕ್ರವಾರ ರಾತ್ರಿ ಯಾವುದಾದರೂ ಚೌಕ ಖಾಲಿ ಉಳಿದರೆ ವಿಡಿಯೊ `Private` ಆಗೇ ಇರಲಿ. ಎಷ್ಟು ಹೊತ್ತಾದರೂ ಪರವಾಗಿಲ್ಲ, ಫೋನ್ ಮಾಡು. ಒಂದು ದಿನ ತಡವಾದರೆ ಆಗಲಿ, ಭಾನುವಾರ ಹಾಕೋಣ.