ಮೂಗು ಒತ್ತಿ ನೋಡುವ ನನ್ನ ಪುಟ್ಟಿಗೆ

ದಾವಣಗೆರೆ
ಬುಧವಾರ ರಾತ್ರಿ

ಪುಟ್ಟೀ,

ನಿನ್ನೆ ರಾತ್ರಿ ನೀರು ಕುಡಿಯಲು ಎದ್ದಾಗ ನಿನ್ನ ರೂಮಿನಲ್ಲಿ ಮೊಬೈಲ್ ಬೆಳಕು ಕಂಡಿತು. ದಿಂಬಿನ ಮೇಲೆ ಯಾವುದೋ ಹುಡುಗಿಯ ರೀಲ್, ಕೈಯಲ್ಲಿ ನನ್ನ ಪುಟ್ಟ ಕನ್ನಡಿ. ಮೂಗನ್ನು ಎರಡು ಬೆರಳಲ್ಲಿ ಒತ್ತಿ ಒತ್ತಿ ನೋಡುತ್ತಿದ್ದೆ. ಒಳಗೆ ಬರೋಣ ಅನ್ನಿಸಿತು, ಬರಲಿಲ್ಲ. ಎದುರಿಗೆ ಹೇಳಿದರೆ "ಸುಮ್ನಿರಮ್ಮ, ನಿಂಗೆ ಗೊತ್ತಾಗಲ್ಲ" ಅನ್ನುತ್ತೀಯ. ಅದಕ್ಕೇ ಬರೆದು ಟಿಫಿನ್ ಬ್ಯಾಗಿನಲ್ಲಿ ಇಡುತ್ತಿದ್ದೇನೆ.

ನಂಗೆ ಗೊತ್ತಾಗುತ್ತೆ ಕಣೇ. ಹದಿನಾಲ್ಕು ವರ್ಷದಿಂದ ಸ್ಟುಡಿಯೋದಲ್ಲಿ ನನ್ನ ಕೆಲಸವೇ ಅದು. ಮದುವೆ ಆಲ್ಬಮ್ ಬಂದರೆ ಮೊದಲು ಮದುಮಗಳ ಮೊಡವೆ ತೆಗೆಯುತ್ತೇನೆ. ಆಮೇಲೆ ಕಣ್ಣ ಕೆಳಗಿನ ಕಪ್ಪು. ಲಿಕ್ವಿಫೈ ಅಂತ ಒಂದು ಟೂಲ್ ಇದೆ. ಮೌಸ್ ಹಿಡಿದು ತಳ್ಳಿದರೆ ಕೆನ್ನೆ ಕಲಸಿದ ಹಿಟ್ಟಿನ ಹಾಗೆ ಒಳಗೆ ಹೋಗುತ್ತದೆ. ಜಾಸ್ತಿ ತಳ್ಳಿದರೆ ಹಿಂದಿನ ಬಾಗಿಲ ಚೌಕಟ್ಟೂ ಬಾಗುತ್ತದೆ, ಅದನ್ನು ಮತ್ತೆ ನೆಟ್ಟಗೆ ಮಾಡಬೇಕು. ಒಂದು ಮುಖಕ್ಕೆ ಹತ್ತು ನಿಮಿಷ ಬೇಕು ನಂಗೆ. ನಿಮ್ಮ ಫಿಲ್ಟರ್ ಅದನ್ನೇ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುತ್ತದೆ, ವಿಡಿಯೋದಲ್ಲೂ.

ನಾರ್ವೆಯಲ್ಲಿ 2021ರಲ್ಲಿ ಕಾನೂನೇ ಮಾಡಿದರು. ಜಾಹೀರಾತಿನಲ್ಲಿ ಮೈಕಟ್ಟು, ಚರ್ಮ ತಿದ್ದಿದ್ದರೆ ತಿದ್ದಿದ್ದೇವೆ ಅಂತ ಹೇಳಬೇಕಂತೆ. ನಮ್ಮ ಆಲ್ಬಮ್‌ಗೆ ಆ ಚೀಟಿ ಅಂಟಿಸಲು ಹೊರಟರೆ ಒಂದು ಪುಟವೂ ಬಿಡುವ ಹಾಗಿಲ್ಲ!

ನಿನ್ನ ಮೂಗಿನ ವಿಷಯ. ಮೊಬೈಲನ್ನು ಮುಖದ ಹತ್ತಿರ ಹಿಡಿದರೆ ಲೆನ್ಸಿಗೆ ಎಲ್ಲಕ್ಕಿಂತ ಹತ್ತಿರ ಸಿಗುವುದು ಮೂಗು, ಅದೇ ದಪ್ಪ ಕಾಣುತ್ತದೆ. ಸ್ಟುಡಿಯೋದಲ್ಲಿ ಸ್ಟೂಲನ್ನು ಐದಾರು ಅಡಿ ದೂರ ಇಡುವುದು ಅದಕ್ಕೇ.

ಇಷ್ಟೆಲ್ಲ ಗೊತ್ತಿದ್ದೂ, ದಿನವಿಡೀ ನಾನೇ ತಿದ್ದಿದ ಮುಖ ನೋಡಿ ಮನೆಗೆ ಬಂದು ಕನ್ನಡಿ ಮುಂದೆ ನಿಂತರೆ ನಂಗೂ ಒಂದೊಂದು ದಿನ ಬೇಜಾರಾಗುತ್ತದೆ. ಹಾಗಾಗಿ "ಅದೆಲ್ಲ ಸುಳ್ಳು, ತಲೆ ಕೆಡಿಸಿಕೊಳ್ಳಬೇಡ" ಅಂತ ನಿಂಗೆ ಯಾವ ಬಾಯಲ್ಲಿ ಹೇಳಲಿ?

ಇನ್ನೊಂದು ಮಾತು. ಬರೆಯಲು ಕೈ ಬರುತ್ತಿಲ್ಲ. ಹಾಲ್‌ನಲ್ಲಿ ನಿನ್ನ ಏಳನೇ ಕ್ಲಾಸಿನ ಫೋಟೋ ಇದೆಯಲ್ಲ, ಅದನ್ನು ಬೆಳ್ಳಗೆ ಮಾಡಿದ್ದು ನಾನೇ. ಯಾರೂ ಕೇಳಿರಲಿಲ್ಲ. ಬಂದವರೆಲ್ಲ "ಎಷ್ಟು ಲಕ್ಷಣವಾಗಿದ್ದಾಳೆ" ಅಂದಾಗ ನೀನೂ ಅಲ್ಲೇ ನಿಂತಿರುತ್ತಿದ್ದೆ. ನಾನು ಸುಮ್ನೆ ನಗುತ್ತಿದ್ದೆ. ತಪ್ಪಾಯಿತು ಮಗಳೇ.

ಇವತ್ತು ಹಳೇ ಹಾರ್ಡ್ ಡಿಸ್ಕ್ ಹುಡುಕಿ ಒರಿಜಿನಲ್ ಪ್ರಿಂಟ್ ತೆಗೆದೆ. ಸೈಕಲ್ಲಿಂದ ಬಿದ್ದ ಗಾಯದ ಗುರುತು ಗಲ್ಲದ ಮೇಲೆ ಹಾಗೇ ಇದೆ. ಅದನ್ನೂ ಅಳಿಸಿಬಿಟ್ಟಿದ್ದೆ ನೋಡು. ನಿನ್ನ ಮೇಜಿನ ಡ್ರಾಯರಿನಲ್ಲಿಟ್ಟಿದ್ದೇನೆ. ಗೋಡೆಗೆ ಯಾವುದು ಇರಬೇಕು ಅಂತ ನೀನೇ ಹೇಳು, ಫ್ರೇಮ್ ಭಾನುವಾರ ಬಿಚ್ಚೋಣ.

ನನ್ನ ಕನ್ನಡಿ ಮಾತ್ರ ವಾಪಸ್ ಇಡು. ಬೆಳಿಗ್ಗೆ ಅಂದಾಜಿನ ಮೇಲೆ ಕುಂಕುಮ ಇಟ್ಟುಕೊಂಡು ಹೋಗಿದ್ದೆ, ಅದು ಸೊಟ್ಟಗಿತ್ತಂತೆ.

ನಿನ್ನ
ಅಮ್ಮ