ಎರಡರ ದೂರ

ಮಗನನ್ನು ಸುರತ್ಕಲ್‌ನ ಎನ್‌ಐಟಿಕೆ ಹಾಸ್ಟೆಲಿಗೆ ಬಿಟ್ಟು ಬಂದ ಮೇಲೆ ಕುವೆಂಪುನಗರದ ಆ ಮನೆಯಲ್ಲಿ ಮೊದಲು ಲೆಕ್ಕ ತಪ್ಪಿದ್ದು ಅಕ್ಕಿಯದು. ವಸುಧಾಳ ಕೈ ತನ್ನಷ್ಟಕ್ಕೆ ಎರಡು ಪಾವು ಅಳೆದುಬಿಡುತ್ತಿತ್ತು. ರಾತ್ರಿ ಉಳಿದ ಅನ್ನ ಬೆಳಿಗ್ಗೆ ಚಿತ್ರಾನ್ನವಾಗುತ್ತಿತ್ತು, ಆ ಚಿತ್ರಾನ್ನವೂ ಉಳಿಯುತ್ತಿತ್ತು. ಮಗಳು ಪುಣೆಗೆ ಕೆಲಸಕ್ಕೆ ಹೋದಾಗಲೂ ಇಷ್ಟು ಎಡವಟ್ಟಾಗಿರಲಿಲ್ಲ. ಆಗ ತಿನ್ನುವ ಹುಡುಗ ಮನೆಯಲ್ಲೇ ಇದ್ದ.

ಇಪ್ಪತ್ಮೂರು ವರ್ಷ ಗಂಡ ಹೆಂಡತಿ ಆಡಿದ್ದೆಲ್ಲ ಪಾಳಿ ಬದಲಿಸುವವರ ಮಾತು. ಫೀಸ್ ಕಟ್ಟಿದ್ರಾ, ಟ್ಯೂಷನ್‌ನಿಂದ ಇವತ್ತು ನೀನು ಕರ್ಕೊಂಡ್ಬಾ, ಜ್ವರದ ಸಿರಪ್ ಎಷ್ಟೊತ್ತಿಗೆ ಕೊಟ್ಟೆ. ಈಗ ಊಟಕ್ಕೆ ಕೂತರೆ "ಗ್ಯಾಸ್ ಬುಕ್ ಮಾಡಿದ್ರಾ?" "ಮಾಡ್ದೆ." ಅಲ್ಲಿಗೆ ಮುಗಿಯಿತು. ಜಗಳವೂ ಇರಲಿಲ್ಲ. ಜಗಳಕ್ಕೂ ಒಂದು ವಿಷಯ ಬೇಕಲ್ಲ.

ಅಂಥ ಒಂದು ಶನಿವಾರ ಸಂಜೆ ವಸುಧಾ ಹುಣಸೆಹಣ್ಣಿನ ಮೂಟೆ ಬಿಚ್ಚಿದಳು. ಏಪ್ರಿಲ್‌ನಲ್ಲಿ ತಂದ ಐದು ಕೆಜಿ. ಆಗ ಜೆಇಇ ಗಲಾಟೆ, ಬೀಜ ಬಿಡಿಸಲು ಪುರುಸೊತ್ತಾಗಿರಲಿಲ್ಲ. ಬೀಜ ಬಿಡಿಸಿ ಬಿಸಿಲಿಗೆ ಹಾಕಿ, ಉಪ್ಪು ಬೆರೆಸಿ ಭರಣಿಯಲ್ಲಿ ಒತ್ತಿಡದ ಹುಣಸೆ ಮಳೆಗಾಲಕ್ಕೆ ಸಿಕ್ಕರೆ ಏನಾಗುತ್ತದೋ ಅದೇ ಆಗಿತ್ತು. ಕಪ್ಪಗೆ ತಿರುಗಿ, ಅಂಟಂಟಾಗಿ, ಒಂದೆರಡು ಕಡೆ ಹುಳು. ಹುಳು ಬಿದ್ದದ್ದನ್ನು ಆಚೆಗೆ ಎಸೆದು, ಉಳಿದದ್ದನ್ನು ಪೇಪರ್ ಮೇಲೆ ಹರಡಿ, ಕುಟ್ಟಾಣಿಯಿಂದ ಮೆಲ್ಲಗೆ ತಟ್ಟಿ ಬಿರಿಯುವಂತೆ ಮಾಡಿ ಬೀಜ ಎಳೆಯುತ್ತ ಕೂತಳು. ಶ್ರೀಧರ ಟೀವಿಯ ಮುಂದೆ ಸುಮ್ಮನೆ ಚಾನಲ್ ಬದಲಿಸುತ್ತಿದ್ದವನು ಎದ್ದು ಬಂದು ಎದುರು ಕೂತ. ಅವಳು ಏನೂ ಹೇಳದೆ ಅರ್ಧ ರಾಶಿಯನ್ನು ಅವನ ಕಡೆ ತಳ್ಳಿದಳು.

ಒಂದು ಬಟ್ಟಲು ಬೀಜವಾಗುವ ಹೊತ್ತಿಗೆ ಅವನಿಗೆ ಏನನ್ನಿಸಿತೋ, ನಾಲ್ಕು ಬೀಜ ತೊಳೆದುಕೊಂಡು ಹಿತ್ತಲಿನ ಒಗೆಯುವ ಕಲ್ಲಿಗೆ ಉಜ್ಜತೊಡಗಿದ.

"ಏನ್ರೀ ಅದು?"

"ಚೌಕಾಬಾರಕ್ಕೆ."

ಅವಳು ಎದ್ದು ಬಂದು ಅವನ ಕೈಯಲ್ಲಿದ್ದದ್ದನ್ನು ನೋಡಿ ನಕ್ಕಳು. "ಇದು ಉಜ್ಜೋ ರೀತಿನಾ? ಒಂದು ದಪ್ಪ, ಒಂದು ಚಪ್ಪಟೆ. ಇದನ್ನ ಹಾಕಿದ್ರೆ ಒಂದೇ ಮಗ್ಗುಲಿಗೆ ಬೀಳುತ್ತೆ." ಬಟ್ಟಲಿನಿಂದ ಒಂದೇ ಅಳತೆಯ ನಾಲ್ಕನ್ನು ಆರಿಸಿದಳು. ಹೆಬ್ಬೆರಳ ಕೆಳಗೆ ಬೀಜ ಒತ್ತಿ ಹಿಡಿದು, ಕಲ್ಲಿನ ಮೇಲೆ ಒಂದೇ ದಿಕ್ಕಿಗೆ ಎಳೆದಳು. ಕಂದು ಸಿಪ್ಪೆ ಹೋಗಿ ಬಿಳಿ ಕಾಣುತ್ತಲೇ ನಿಲ್ಲಿಸಿದಳು. ಇನ್ನೂ ಉಜ್ಜಿದರೆ ಬೀಜ ತೆಳ್ಳಗಾಗಿ ಬಿಳಿ ಮುಖ ನೆಲಕ್ಕೆ ಅಂಟಿಕೊಳ್ಳುತ್ತದೆ, ಬರೀ ಕಪ್ಪೇ ಬೀಳುತ್ತದೆ. ಒಂದೊಂದನ್ನೂ ಹತ್ತು ಸಲ ಎಸೆದು ನೋಡಿದಳು. ಎಂಟು ಸಲ ಕಪ್ಪೇ ಬಿದ್ದ ಒಂದನ್ನು ತುಳಸಿ ಗಿಡದ ಬುಡಕ್ಕೆ ಒಗೆದು ಬೇರೊಂದು ಉಜ್ಜಿದಳು. ಇವಳಿಗೆ ಇದೆಲ್ಲ ಬರುತ್ತದೆ ಎಂದು ಶ್ರೀಧರನಿಗೆ ಗೊತ್ತಿರಲಿಲ್ಲ. ಗೊತ್ತಾಗುವಂಥ ಸಂದರ್ಭವೇ ಬಂದಿರಲಿಲ್ಲ ಅನ್ನಿ.

ಹಾಲಿನ ಟೈಲ್ಸ್ ಮೇಲೆ ಸೀಮೆಸುಣ್ಣ ಹತ್ತಲಿಲ್ಲ. ಜಾರುವ ನೆಲ, ಎರಡು ಗೀಟೆಳೆಯುವಷ್ಟರಲ್ಲಿ ಪುಡಿ ಉದುರಿತು. ಮುಂದಿನ ವರಾಂಡದಲ್ಲಿ ಹಳೆಯ ಕಡಪ ಕಲ್ಲಿದೆಯಲ್ಲ, ಅಲ್ಲಿಗೆ ಹೋದರು. ಐದು ಮನೆ ಅಡ್ಡ, ಐದು ಉದ್ದ, ನಾಲ್ಕೂ ಬದಿಯ ನಡುಮನೆಗೆ ಮತ್ತು ಮಧ್ಯದ ಮನೆಗೆ ಅಡ್ಡಗೀಟು. ಅಡ್ಡಗೀಟಿನ ಮನೆಯಲ್ಲಿ ಕೂತ ಕಾಯನ್ನು ಯಾರೂ ಕಡಿಯುವಂತಿಲ್ಲ. ಅವಳದು ಒಡೆದ ಹಸಿರು ಬಳೆಯ ನಾಲ್ಕು ಚೂರು, ಅವನದು ಡಬ್ಬಿಯಿಂದ ತಂದ ನಾಲ್ಕು ಕಾಫಿಬೀಜ. ಎದುರುಬದುರು ಕೂತರು.

ಕೂತ ಕೂಡಲೇ ವಾದ ಶುರುವಾಯಿತು. ಅವನು ತಿಪಟೂರಿನವನು, ಅವಳು ನಂಜನಗೂಡಿನವಳು. ಒಂದಷ್ಟರಲ್ಲಿ ಇಬ್ಬರ ಮನೆಯ ಕಾನೂನೂ ಒಂದೇ: ಎಷ್ಟು ಬಿಳಿ ಮೇಲೋ ಅಷ್ಟು ಮನೆ, ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪು ಬಿದ್ದರೆ ಬಾರ ಅಂದರೆ ಎಂಟು, ಎರಡಕ್ಕೂ ಇನ್ನೊಂದು ಸಲ ಎಸೆತ. ಕಾಯಿ ಕಡಿದರೂ ಇನ್ನೊಂದು ಎಸೆತ. ಹೊರಸುತ್ತು ಎಡಗಡೆಯಿಂದ ಬಂದು ಮುಗಿಸಿ, ಒಳಸುತ್ತು ತಿರುಗಾ ಮುರುಗಾ ಹೋಗಬೇಕು. ಹೊರಟ ಮನೆಯಿಂದ ಮಧ್ಯದ ಮನೆಗೆ ಇಪ್ಪತ್ತನಾಲ್ಕು ಹೆಜ್ಜೆ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಕಾಲಿಡುವಂತಿಲ್ಲ. ಜಗಳ ಬಂದದ್ದು ಮೂರು ಸಲ ಸತತವಾಗಿ ಚೌಕವೋ ಬಾರವೋ ಬಿದ್ದರೆ ಏನು ಎಂಬಲ್ಲಿ. ನಂಜನಗೂಡಿನಲ್ಲಿ ಮೂರೂ ಸುಟ್ಟು ಹೋಗುತ್ತದೆ. ತಿಪಟೂರಿನಲ್ಲಿ ಮೂರನ್ನೂ ನಡೆಸಬಹುದು.

"ನಮ್ಮಜ್ಜಿ ಆಡ್ತಿದ್ದದ್ದೇ ಹಾಗೆ."

"ನಿಮ್ಮಜ್ಜಿ ಮೋಸ ಆಡ್ತಿದ್ರು, ಬಿಡಿ."

ಕೊನೆಗೆ ಕ್ಯಾಲೆಂಡರಿನ ಹಿಂಭಾಗದಲ್ಲಿ ಬರೆದರು: ಮೂರು ಬಿದ್ದರೆ ಸುಡುತ್ತದೆ. ಬದಲಿಗೆ ಅವನ ಮನೆಯ ಜೋಡಿ ಕಾಯಿಯ ಕಾನೂನು ಒಪ್ಪಿಗೆ: ಒಂದೇ ಮನೆಯಲ್ಲಿ ಎರಡು ಕಾಯಿ ಕೂತರೆ ಒಂಟಿ ಕಾಯಿ ಅದನ್ನು ಕಡಿಯುವಂತಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಮಣೆಯಾಟ ಕಟ್ಟಿದ ಊರಿದು, ಇಷ್ಟು ಚೌಕಾಸಿಗೆ ಇಲ್ಲಿ ಜಾಗವಿದೆ.

ಮೊದಲ ರಾತ್ರಿ ಅವಳು ಗೆದ್ದಳು. ಮರುರಾತ್ರಿಯೂ ಅವಳೇ. ಶ್ರೀಧರ ಬ್ಯಾಂಕಿನವನು, ಲೆಕ್ಕ ಹಿಡಿದು ಕೂತ. ನಾಲ್ಕು ಬೀಜ ಬೀಳುವುದು ಹದಿನಾರು ರೀತಿ. ಅದರಲ್ಲಿ ಆರು ಎರಡರದು, ನಾಲ್ಕು ಒಂದರದು, ನಾಲ್ಕು ಮೂರರದು, ಚೌಕ ಒಂದು, ಬಾರ ಒಂದು. ಹಾಗಾಗಿ ಎದುರಾಳಿಯ ಕಾಯಿಗಿಂತ ಎರಡು ಮನೆ ಮುಂದೆ ನಿಲ್ಲುವುದೇ ಅತಿ ಅಪಾಯ, ನಾಲ್ಕು ಮನೆ ಮುಂದೆ ನಿಂತರೆ ಬಹುಪಾಲು ನೆಮ್ಮದಿ. ಹೀಗೆಂದು ಹೆಮ್ಮೆಯಿಂದ ತೋರಿಸಿದ.

ವಸುಧಾ ಕಾಗದವನ್ನು ನೋಡಲೂ ಇಲ್ಲ. "ಎರಡರ ದೂರದಲ್ಲಿ ನಿಲ್ಲಬಾರದು ಅಂತ ನಾನು ಆರನೇ ಕ್ಲಾಸಿನಲ್ಲೇ ಕಲ್ತಿದ್ದೆ. ಪಕ್ಕದ ಮನೆ ಹುಡುಗರ ಹತ್ರ ಗೋಲಿ ಎಲ್ಲಾ ಗೆದ್ಕೊಂಡಿದ್ದೆ."

"ಗೋಲಿ?"

"ಒಂದು ಹಾರ್ಲಿಕ್ಸ್ ಬಾಟ್ಲಿ ತುಂಬಾ."

ಇಷ್ಟು ವರ್ಷ ಇದು ಬಾಯಿಗೆ ಬಂದಿರಲಿಲ್ಲ. ಮಕ್ಕಳ ಮುಂದೆ ಹೇಳುವಂಥದ್ದೂ ಅಲ್ಲ, ಪಂದ್ಯ ಕಟ್ಟಿ ಆಡಿದ ಕತೆ.

ನಾಲ್ಕೈದು ದಿನ ಕಳೆದ ಮೇಲೆ ಒಂದು ರಾತ್ರಿ ಆಟ ಕೆಟ್ಟಿತು. ಅವಳ ಬಳೆಚೂರು ಅವನ ಕಾಫಿಬೀಜಕ್ಕಿಂತ ಮೂರು ಮನೆ ಮುಂದಿತ್ತು. ಅವನಿಗೆ ಮೂರೇ ಬಿತ್ತು. ಕಡಿಯುವುದು ಬಿಟ್ಟು ಅವನು ಹಿಂದಿನ ಕಾಯೊಂದನ್ನು ಎತ್ತಿ ನಡೆಸಿದ.

ವಸುಧಾ ಬೀಜ ಕೈಗೆ ತೆಗೆದುಕೊಳ್ಳಲಿಲ್ಲ. "ಕಡಿಬಹುದಿತ್ತು. ಯಾಕೆ ಕಡೀಲಿಲ್ಲ?"

"ಕಾಣ್ಲಿಲ್ಲ."

"ನಿನ್ನೆನೂ ಕಾಣ್ಲಿಲ್ವಾ? ಮೊನ್ನೆ? ಕಾಯೆಲ್ಲಾ ತಂದು ತಂದು ನನ್ನ ಬಾಯಿಗೇ ಇಡ್ತಿದ್ದೀರಿ. ನಾನೇನು ಎಂಟು ವರ್ಷದ ಮಗುನಾ? ಸೋತ್ರೆ ಅಳ್ತೀನಾ?"

ಶ್ರೀಧರ ಬಾಯಿ ತೆರೆದು ಮುಚ್ಚಿದ. ಹಾವು ಏಣಿ, ಲೂಡೋ, ಕೇರಂ, ಮಕ್ಕಳೊಂದಿಗೆ ಏನೇ ಆಡಿದರೂ ಕೊನೆಗೆ ಅವರು ಗೆಲ್ಲುವಂತೆ ನೋಡಿಕೊಳ್ಳುವುದು ಅವನಿಗೆ ರೂಢಿಯಾಗಿತ್ತು. ಕೈ ಹಾಗೇ ಪಳಗಿಬಿಟ್ಟಿತ್ತು. ಎದುರಿಗೆ ಕೂತವರು ಬೇರೆ ಎಂದು ಆ ಕೈಗೆ ಯಾರೂ ಹೇಳಿರಲಿಲ್ಲ. ಬೇಕೆಂದೇ ಬಿಟ್ಟುಕೊಟ್ಟೆನೋ, ನಿಜಕ್ಕೂ ಕಾಣಲಿಲ್ಲವೋ ಅವನಿಗೇ ಹೇಳಲಾಗಲಿಲ್ಲ.

"ನನ್ನ ಜೊತೆ ಆಡೋದಾದ್ರೆ ಗೆಲ್ಲೋಕೆ ಆಡಿ. ಇಲ್ಲಾಂದ್ರೆ ಟೀವಿ ಇದೆ, ಹೋಗಿ ನೋಡಿ," ಎಂದು ಅವಳು ಅಷ್ಟೂ ಕಾಯನ್ನು ಒಂದೇ ಸಲಕ್ಕೆ ಗುಡಿಸಿ ಹಾಕಿದಳು. ಸೀಮೆಸುಣ್ಣದ ಗೀಟೂ ಅರ್ಧ ಅಳಿಸಿತು.

ಅದು ಆ ಮನೆಯಲ್ಲಿ ಬಹಳ ದಿನದ ಮೇಲೆ ಆದ ಜಗಳ. ಫೀಸು, ಮಾರ್ಕ್ಸು, ಅತ್ತೆ ಮಾವ ಯಾವುದೂ ಅದರಲ್ಲಿರಲಿಲ್ಲ. ಶ್ರೀಧರ ರಾತ್ರಿ ಮಲಗುವ ತನಕ ಗೊಣಗುತ್ತಲೇ ಇದ್ದ. ಬೆಳಿಗ್ಗೆ ಕಾಫಿ ಕೊಡುವಾಗ ಅವಳು ಲೋಟವನ್ನು ಕುಕ್ಕಿದಳು. ಸಂಜೆ ಅವನು ಬೇಗ ಬಂದ. ಅವಳು ಅಡುಗೆ ಮುಗಿಸಿ ಹೊರಬರುವಷ್ಟರಲ್ಲಿ ವರಾಂಡದ ಕಲ್ಲು ಒರೆಸಿ, ಸ್ಕೇಲ್ ಇಟ್ಟು ಹೊಸದಾಗಿ ಇಪ್ಪತ್ತೈದು ಮನೆ ಎಳೆದಿದ್ದ. ಸ್ಕೇಲ್ ನೋಡಿ ಅವಳಿಗೆ ನಗು ಬಂತು, ತೋರಿಸಲಿಲ್ಲ.

"ಪಂದ್ಯ ಏನು?" ಕೇಳಿದಳು.

"ಸೋತೋರು ಒಂದು ವಾರ ಫಿಲ್ಟರ್ ಹಾಕ್ಬೇಕು."

ಅವನಿಗೆ ಫಿಲ್ಟರ್ ಹಾಕಲು ಬರುತ್ತಿರಲಿಲ್ಲ. ಪುಡಿಯನ್ನು ಅದುಮಿ ಅದುಮಿ ಗಟ್ಟಿ ಮಾಡುತ್ತಿದ್ದ, ಡಿಕಾಕ್ಷನ್ ಬೆಳಗಾಗುವವರೆಗೂ ತೊಟ್ಟಿಕ್ಕುತ್ತಲೇ ಇರುತ್ತಿತ್ತು. ಹಾಗಾಗಿ ಅವನು ಸೋತರೂ ನಷ್ಟ ಇಬ್ಬರಿಗೂ. ಅವಳು ಒಪ್ಪಿದಳು.

ಆ ಆಟದಲ್ಲಿ ಅವನು ಮೊದಲ ಸಲ ಮುಖ ಗಂಟಿಕ್ಕಿ ಕೂತ. ಜೋಡಿ ಕಟ್ಟಿ ದಾರಿ ಅಡ್ಡಗಟ್ಟಿದ. ಅವಳ ಮೊದಲ ಕಾಯನ್ನು ಮೂಲೆಮನೆಯಲ್ಲಿ ಕಡಿದ. ಅವಳು "ಹೂಂ" ಎಂದಳು. ಎರಡು ಎಸೆತದಲ್ಲಿ ಅವನದೊಂದನ್ನು ಕಡಿದು ಒಳಸುತ್ತಿನ ದಾರಿ ತೆರೆದುಕೊಂಡಳು. ಅವಳ ಎರಡು ಕಾಯಿ ಮಧ್ಯದ ಮನೆ ಸೇರಿ ಹಣ್ಣಾಯಿತು, ಅವನದು ಒಂದು. ಆಮೇಲೆ ಚೌಕ, ಮೇಲೊಂದು ಬಾರ, ಅದರ ಮೇಲೂ ಬಾರ ಬಿದ್ದು ಅವಳ ಮೂರೂ ಎಸೆತ ಸುಟ್ಟು ಹೋಯಿತು.

"ಕಾನೂನು ಯಾರದಮ್ಮಾ?" ಅಂದ ಅವನು, ಕ್ಯಾಲೆಂಡರ್ ಕಡೆ ಕೈ ತೋರಿಸಿ.

"ಬಾಯ್ಮುಚ್ಕೊಂಡು ಹಾಕಿ."

ಅವಳ ಮೂರನೇ ಕಾಯಿ ಹೊರಸುತ್ತಿನ ಕೊನೆಯ ಮನೆಯಲ್ಲಿತ್ತು. ಇನ್ನೊಂದೇ ಹೆಜ್ಜೆಗೆ ಒಳಗೆ. ಎರಡು ಮನೆ ಹಿಂದೆ ಅವನ ಕಾಫಿಬೀಜ. ಬೇರೆ ನಡೆಸುವ ಕಾಯಿ ಇಲ್ಲದೆ ಅಲ್ಲಿ ಬಂದು ನಿಂತಿದ್ದಳು, ಎಲ್ಲಿ ನಿಂತಿದ್ದೇನೆಂದು ಗೊತ್ತೂ ಇತ್ತು. ಅವನು ಬೀಜವನ್ನು ಎರಡೂ ಅಂಗೈ ನಡುವೆ ಕುಲುಕಿದ. ಬೇಕಂತಲೇ ತಡ ಮಾಡಿದ. ಅವಳು ಅವನ ಕೈಯನ್ನೇ ನೋಡುತ್ತಿದ್ದಳು. ಗಡಿಯಾರದ ಪಟ್ಟಿ ಇದ್ದಲ್ಲಿ ಚರ್ಮ ಬೆಳ್ಳಗಿತ್ತು, ಉಗುರ ಸಂದಿಯಲ್ಲಿ ಇನ್ನೂ ಹುಣಸೆಯ ಕಪ್ಪು.

ಎರಡು ಬಿತ್ತು.

"ಕಡಿ!" ಎಂದು ಅವನು ಕೂಗಿದ್ದು ಎದುರು ಮನೆಯ ಗೇಟಿನ ತನಕ ಕೇಳಿಸಿರಬೇಕು. ಬಳೆಚೂರನ್ನು ಎತ್ತಿ ಅವಳ ಅಂಗೈಗೆ ಇಟ್ಟ.

"ಅಯ್ಯೋ ನಿಮ್ಮ!" ಅವಳು ಅವನ ತೋಳಿಗೆ ಬಲವಾಗಿಯೇ ಗುದ್ದಿದಳು, ಆಮೇಲೆ ನಗು ತಡೆಯಲಾರದೆ ಗೋಡೆಗೆ ಒರಗಿದಳು. "ಈಗ ನೋಡಿ, ನಿಮಗೆ ಹಬ್ಬ ಮಾಡ್ತೀನಿ. ಸರಿ, ಕಡಿದಿದ್ದೀರಿ, ಇನ್ನೊಂದು ಎಸೆತ ಇದೆ, ಹಾಕಿ."

ಅವನು ಹಾಕಿದ. ಒಂದು ಬಿತ್ತು. ಅದೇ ಕಾಯನ್ನು ನಡೆಸಿ ಅವಳ ಅಡ್ಡಗೀಟಿನ ಮನೆಯಲ್ಲಿ ಭದ್ರವಾಗಿ ಕೂತ. ಅವಳು ಚೂರನ್ನು ಮತ್ತೆ ಮೊದಲ ಮನೆಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೀಜ ಎಸೆದಳು. ಚೌಕ. ಇನ್ನೊಮ್ಮೆ ಎಸೆದಳು, ಮೂರು. ಒಟ್ಟು ಏಳು. ಸರಿಯಾಗಿ ಏಳನೇ ಮನೆಯಲ್ಲಿ, ಒಳಸುತ್ತಿಗೆ ಒಂದೇ ಹೆಜ್ಜೆ ಬಾಕಿ ಇದ್ದ ಅವನ ಇನ್ನೊಂದು ಕಾಫಿಬೀಜ ಬಯಲಲ್ಲಿ ನಿಂತಿತ್ತು.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಪುಣೆಯಿಂದ ಮಗಳ ವಿಡಿಯೋ ಕಾಲ್. ವಸುಧಾ ಎತ್ತಿದಳು, ಆದರೆ ಫೋನನ್ನು ಮುಖಕ್ಕೆ ಹಿಡಿಯದೆ ಮೊಣಕಾಲಿನ ಮೇಲೆ ಒರಗಿಸಿದಳು. ಮಗಳಿಗೆ ಚಾವಣಿ ಕಂಡಿರಬೇಕು.

"ಅಮ್ಮಾ? ಏನ್ ಮಾಡ್ತಿದ್ದೀಯಾ? ಕತ್ತಲಲ್ಲಿ ಕೂತಿದ್ದೀರಾ?"

"ಅರ್ಧ ಗಂಟೆ ಬಿಟ್ಟು ಮಾಡೇ ಪುಟ್ಟಿ," ಎಂದಳು ವಸುಧಾ, ಕಣ್ಣು ಮಣೆಯಿಂದ ಎತ್ತದೆ. "ನಿಮ್ಮಪ್ಪ ಸಿಕ್ಕಿಹಾಕ್ಕೊಂಡಿದ್ದಾರೆ. ಕಡಿದುಬಿಟ್ಟು ಮಾತಾಡ್ತೀನಿ."